14 ತಪ್ಪಿದ್ದರೆ ಎಷ್ಟಕ್ಕೆ ಗೆರೆ ಎಳೆಯಬೇಕು?

ಪ್ರಶ್ನೆ: ನಾನು ವೃತ್ತಿಯಿಂದ ಟೀಚರ್ ಅಲ್ಲ. ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಭಾನುವಾರ ಬೆಳಿಗ್ಗೆ ಕನ್ನಡ ಕಲಿಸುತ್ತೇನೆ. ಬರುವವರಲ್ಲಿ ಒಬ್ಬರು ಲಕ್ನೋದವರು, ಅಕ್ಷರ ಕಲಿತು ಆರು ತಿಂಗಳಾಗಿದೆ. ಇನ್ನೊಬ್ಬರು ಕನ್ನಡದವರೇ, ಆದರೆ ಓದಿದ್ದು ಇಂಗ್ಲಿಷ್ ಮೀಡಿಯಂ. ರಾಜ್ಯೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಬರೆಯುತ್ತಿದ್ದಾರೆ. ಮೊದಲನೆಯವರ ಏಳು ಸಾಲಿನಲ್ಲಿ 14 ತಪ್ಪಿತ್ತು. ಎಲ್ಲವನ್ನೂ ತಿದ್ದಿ ಕೊಟ್ಟೆ. ಮುಂದಿನ ವಾರ ಅವೇ ತಪ್ಪು ಮತ್ತೆ ಬಂದವು. ಬಿಟ್ಟರೆ ಅದೇ ಅಭ್ಯಾಸವಾಗುತ್ತದಲ್ಲ ಅಂತ ಭಯ. ಎರಡನೆಯವರದ್ದು ವ್ಯಾಕರಣದಲ್ಲಿ ತಪ್ಪಿಲ್ಲ, ಆದರೂ ಓದಿದರೆ ಸರ್ಕಾರಿ ಸುತ್ತೋಲೆಯ ಹಾಗಿದೆ. ಅಲ್ಲಿ ಏನನ್ನು ಗುರುತು ಮಾಡಬೇಕು ಅಂತಲೇ ತಿಳಿಯುತ್ತಿಲ್ಲ. ಯಾರಿಗೆ ಎಷ್ಟು ತಿದ್ದಬೇಕು, ಹೇಗೆ ವಿವರಿಸಬೇಕು? ಇಬ್ಬರ ಹಾಳೆಯನ್ನೂ ಕಳಿಸಿದ್ದೇನೆ.

ಉತ್ತರ: ಮೊದಲು ನಿಮ್ಮ ಭಯದ ವಿಷಯ. ಒಂದು ವಾರ ತಿದ್ದದೆ ಬಿಟ್ಟ ತಪ್ಪು ಬೇರು ಬಿಡುವುದಿಲ್ಲ. ಬೇರು ಬಿಡುವುದು ವರ್ಷಗಟ್ಟಲೆ ಅದೇ ತಪ್ಪಿನಲ್ಲೇ ಕೆಲಸ ಸಾಗಿಬಿಟ್ಟಾಗ, ಯಾರೂ ಯಾವತ್ತೂ ಕೇಳದೇ ಇದ್ದಾಗ. ಭಾಷೆ ಕಲಿಸುವವರ ನಡುವೆ ಈ ಬಗ್ಗೆ ಹಳೆಯ ಜಗಳವೇ ಇದೆ. 1996ರಲ್ಲಿ ಜಾನ್ ಟ್ರಸ್ಕಾಟ್ ಎಂಬ ವಿದ್ವಾಂಸರು, ಎರಡನೇ ಭಾಷೆಯ ಬರಹದಲ್ಲಿ ವ್ಯಾಕರಣ ತಿದ್ದುವುದೇ ದಂಡ, ಕೈಬಿಡಿ ಎಂದು ವಾದಿಸಿದರು. 1999ರಲ್ಲಿ ಡೇನಾ ಫೆರಿಸ್ ಅದಕ್ಕೆ ಉತ್ತರ ಕೊಟ್ಟರು. ಎಲ್ಲ ತಪ್ಪೂ ಒಂದೇ ಥರ ಅಲ್ಲ, ನಿಯಮ ಹೇಳಿ ಸರಿಪಡಿಸಬಹುದಾದ ತಪ್ಪುಗಳಿವೆ, ಅವನ್ನು ಆರಿಸಿ ತಿದ್ದಿದರೆ ಉಪಯೋಗವಿದೆ ಎನ್ನುವುದು ಅವರ ಮಾತು. ನನ್ನ ಅನುಭವ ಫೆರಿಸ್ ಕಡೆಗೇ ವಾಲುತ್ತದೆ. ಆದರೆ ಏಳು ಸಾಲಿಗೆ 14 ಗೆರೆ ಎಳೆದರೆ ಟ್ರಸ್ಕಾಟ್ ಹೇಳಿದ್ದೇ ನಿಜವಾಗುತ್ತದೆ. ನಿಮಗೆ ಆಗಿದ್ದೂ ಅದೇ.

ಹಾಗಾಗಿ ಎಷ್ಟು ತಿದ್ದಬೇಕು ಎಂದು ನಿರ್ಧರಿಸುವ ಮೊದಲು ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಸುಮ್ನೆ ಒಂದು ಗೆರೆ ಎಳೆದು ಕೊಟ್ಟರೆ ಬರೆದವರು ತಾವೇ ಸರಿಮಾಡಿಕೊಳ್ಳುತ್ತಾರಾ? 1967ರಲ್ಲೇ ಪಿಟ್ ಕಾರ್ಡರ್ ಎನ್ನುವವರು ಇಲ್ಲಿ ಒಂದು ವ್ಯತ್ಯಾಸ ಮಾಡಿದ್ದರು. ಗೊತ್ತಿದ್ದೂ ಕೈತಪ್ಪಿ ಬರೆದದ್ದು ಒಂದು. ಗೊತ್ತಿಲ್ಲದ್ದರಿಂದ, ತನ್ನೊಳಗೆ ಕಟ್ಟಿಕೊಂಡ ಬೇರೆ ನಿಯಮದಿಂದ ಬಂದದ್ದು ಇನ್ನೊಂದು. ಮೊದಲನೆಯದಕ್ಕೆ ಗೆರೆ ಸಾಕು, ವಿವರಣೆ ಬೇಡ. ಎರಡನೆಯದಕ್ಕೆ ಗೆರೆ ಎಳೆದರೆ ಏನೂ ಆಗುವುದಿಲ್ಲ, ಅಲ್ಲಿ ಕೂತು ಹೇಳಬೇಕು. ಹೇಳುವುದಕ್ಕೆ ಹೊತ್ತು ಬೇಕು, ಕೇಳುವುದಕ್ಕೂ ಬೇಕು. ಸಂಖ್ಯೆ ತಾನಾಗೇ ಇಳಿಯುತ್ತದೆ.

ಈಗ ಲಕ್ನೋದವರ ಹಾಳೆ. ಅವರು ಬರೆದಿರುವ ಹಾಗೇ ಇಲ್ಲಿಡುತ್ತೇನೆ:

> ನಾನು ಎರಡು ವರ್ಷ ಮೊದಲು ಬೆಂಗಳೂರುಗೆ ಬಂದೆ. ನಾನು ಇಂಜಿನಿಯರ್ ಇಲ್ಲ, ಬ್ಯಾಂಕಲ್ಲಿ ಕೆಲಸ ಮಾಡುತ್ತೇನೆ. ನಾನು ಎರಡು ಮಕ್ಕಳು ಇದೆ. ನಾನು ಕನ್ನಡ ಸಲ್ಪ ಗೊತ್ತು. ನಾನು ಮಸಾಲೆ ದೋಸೆ ತುಂಬಾ ಇಷ್ಟ. ನಮ್ಮ ಮನೆ ಹತ್ತಿರ ಒಂದು ಅಜ್ಜಿ ಇದೆ, ಅವರು ನನ್ನ ಜೊತೆ ಕನ್ನಡ ಮಾತಾಡುತ್ತಾಳೆ. ಭಾನುವಾರ ನಾನು ಮಾರುಕಟ್ಟೆ ಹೋಗಿದೆ, ತರಕಾರಿ ತಗೊಂಡೆ.

ನೀವು ಎಣಿಸಿದ್ದು ಸರಿ, 14 ಇದೆ. ಆದರೆ 14 ಬೇರೆ ಬೇರೆ ತಪ್ಪುಗಳಲ್ಲ. ‘ನಾನು ಎರಡು ಮಕ್ಕಳು’, ‘ನಾನು ಗೊತ್ತು’, ‘ನಾನು ಇಷ್ಟ’, ಈ ಮೂರೂ ಒಂದೇ. ‘ನನಗೆ’ ಬರಬೇಕಾದ ಕಡೆ ‘ನಾನು’ ಬಂದಿದೆ. ‘ಎರಡು ಮಕ್ಕಳು ಇದೆ’, ‘ಒಂದು ಅಜ್ಜಿ ಇದೆ’, ಇಲ್ಲಿ ನಾಲ್ಕು ಗೆರೆ ಬೀಳುತ್ತವೆ. ಕಾರಣ ಒಂದೇ. ಮನುಷ್ಯರನ್ನು ಎಣಿಸುವ ಮಾತೂ, ಮನುಷ್ಯರ ಬಗ್ಗೆ ಹೇಳುವ ಕ್ರಿಯಾಪದವೂ ಕನ್ನಡದಲ್ಲಿ ಬೇರೆ ಅನ್ನುವುದು ಅವರಿಗೆ ಇನ್ನೂ ಕೂತಿಲ್ಲ. ಹಿಂದಿಯಲ್ಲಿ ಎರಡು ಕುರ್ಚಿಗೂ ‘ದೋ’, ಎರಡು ಮಕ್ಕಳಿಗೂ ‘ದೋ’. ‘ಅವರು ಮಾತಾಡುತ್ತಾಳೆ’ ಅನ್ನುವುದೂ ಹಿಂದಿಯಿಂದಲೇ ಬಂದದ್ದು. ಅಲ್ಲಿ ಗೌರವದ ಮಾತಿನಲ್ಲೂ ಹೆಂಗಸು ಅನ್ನುವುದು ‘ಬೋಲ್ತೀ ಹೈಂ’ ಅಂತ ಕ್ರಿಯಾಪದದಲ್ಲೇ ಕಾಣಿಸುತ್ತದೆ. ನಮ್ಮ ‘ಅವರು’ ಬಂದ ಮೇಲೆ ಗಂಡು-ಹೆಣ್ಣಿನ ಲೆಕ್ಕ ಮುಗಿಯಿತು. ಹೀಗೆ ಗುಂಪು ಮಾಡಿದರೆ ಎರಡು ಗಂಟು ಸಿಗುತ್ತವೆ, ಜೊತೆಗೆ ಕೆಲವು ಬಿಡಿ ತಪ್ಪುಗಳು: ಬೆಂಗಳೂರುಗೆ, ಸಲ್ಪ, ಇಂಜಿನಿಯರ್ ಇಲ್ಲ, ವರ್ಷ ಮೊದಲು, ಮಾರುಕಟ್ಟೆ ಹೋಗಿದೆ.

ನಾನಾಗಿದ್ದರೆ ಈ ವಾರ ‘ನನಗೆ’ಯ ಮೂರು ಕಡೆ ಮಾತ್ರ ಗೆರೆ ಎಳೆಯುತ್ತಿದ್ದೆ. ಮೂರನ್ನೂ ಎಳೆಯಬೇಕು. ಒಂದಕ್ಕೆ ಎಳೆದು ಉಳಿದೆರಡನ್ನು ಬಿಟ್ಟರೆ ಅವು ಸರಿ ಅಂದುಕೊಳ್ಳುತ್ತಾರೆ. ತಿದ್ದಿ ಕೊಡುವವರು ಮಾಡುವ ದೊಡ್ಡ ಎಡವಟ್ಟು ಇದು. ಪುಟದ ಮೇಲ್ಭಾಗದಲ್ಲಿ ಹುಮ್ಮಸ್ಸಿನಿಂದ ಗೆರೆ ಎಳೆದು, ಕೆಳಗೆ ಬರುವಷ್ಟರಲ್ಲಿ ಸುಸ್ತಾಗಿ ಅದೇ ತಪ್ಪನ್ನು ಬಿಟ್ಟಿರುತ್ತಾರೆ.

‘ನನಗೆ’ಯೇ ಯಾಕೆ, ‘ಇಬ್ಬರು ಮಕ್ಕಳು’ ಯಾಕಲ್ಲ? ಕಾರಣ, ಅವರ ಹಿಂದಿಯಲ್ಲೇ ಅದಕ್ಕೆ ಕೊಂಡಿ ಇದೆ. ಅವರು ಮನೆಯಲ್ಲಿ ‘ಮುಝೆ ಪತಾ ಹೈ’, ‘ಮುಝೆ ದೋಸಾ ಪಸಂದ್ ಹೈ’ ಎನ್ನುವವರೇ ಅಲ್ವಾ? ಇಂಗ್ಲಿಷಿನ ಹಾದಿ ಹಿಡಿದು ಕನ್ನಡಕ್ಕೆ ಬಂದಿದ್ದರಿಂದ ‘ನಾನು’ ನುಸುಳಿದೆ. ಅವರ ಹತ್ತಿರ ಚತುರ್ಥಿ ವಿಭಕ್ತಿ ಅನ್ನಬೇಡಿ. “ಇದನ್ನು ಹಿಂದಿಯಲ್ಲಿ ಹೇಗೆ ಹೇಳ್ತೀರಿ?” ಅಂತ ಕೇಳಿ. ‘ಮುಝೆ’ ಅಂದ ತಕ್ಷಣ ಅವರ ಮುಖದಲ್ಲೇ ಗೊತ್ತಾಗುತ್ತದೆ. ಕೊಂಡಿ ಎಲ್ಲಿ ಕಳಚುತ್ತದೆ ಅನ್ನುವುದನ್ನೂ ನೀವು ಮೊದಲೇ ತಿಳಿದಿರಬೇಕು. ಮಕ್ಕಳ ವಿಷಯಕ್ಕೆ ಹಿಂದಿಯಲ್ಲಿ ‘ಮೇರೇ ದೋ ಬಚ್ಚೇ ಹೈಂ’. ಅಲ್ಲಿ ‘ಮುಝೆ’ ಇಲ್ಲ. ಆ ಒಂದು ಸಾಲಿಗೆ ನಿಯಮ ಹೇಳಲು ಹೋಗದೆ ‘ನನಗೆ ಇಬ್ಬರು ಮಕ್ಕಳಿದ್ದಾರೆ’ ಅಂತ ಪೂರ್ತಿ ವಾಕ್ಯವನ್ನೇ ಕೊಟ್ಟುಬಿಡಿ. ಇಂಥ ವಾಕ್ಯಗಳನ್ನು ಇಡಿಯಾಗಿ ಬಾಯಿಗೆ ತಂದುಕೊಳ್ಳುವುದೇ ಸುಲಭ.

ಆಮೇಲೆ ಒಂದು ಪರೀಕ್ಷೆ ಹೇಳಿಕೊಡಿ. ‘ನಾನು’ ಇದ್ದ ಕಡೆ ‘ಅವನು’ ಹಾಕಿ ನೋಡಲಿ. ನಾನು ಮಾಡುತ್ತೇನೆ, ಅವನು ಮಾಡುತ್ತಾನೆ. ಕೊನೆ ಬದಲಾಯಿತು, ಹಾಗಾಗಿ ‘ನಾನು’ ಸರಿ. ಗೊತ್ತು, ಬೇಕು, ಇಷ್ಟ, ಸಾಕು, ಇವು ಯಾರಿಗೆ ಹೇಳಿದರೂ ಬದಲಾಗುವುದಿಲ್ಲ. ಅಲ್ಲಿ ನನಗೆ, ಅವನಿಗೆ, ಅಜ್ಜಿಗೆ. ಈ ಪರೀಕ್ಷೆ ಆರು ತಿಂಗಳ ಕಲಿಕೆಗೆ ಸಾಕು. ಆದರೆ ‘ನಾನು ಹೋಗಬೇಕು’, ‘ನಾನು ಬರಲಿಲ್ಲ’ ಎನ್ನುವಲ್ಲಿ ಇದು ಕೈಕೊಡುತ್ತದೆ. ಅಲ್ಲಿ ಕೊನೆ ಬದಲಾಗುವುದಿಲ್ಲ, ಆದರೂ ‘ನಾನು’ ಬರುತ್ತದೆ. ಇದನ್ನು ಇವತ್ತೇ ಹೇಳಬೇಡಿ. ಅಂಥ ವಾಕ್ಯ ಅವರ ಬರಹದಲ್ಲೇ ಬಂದ ದಿನ ಹೇಳಿ. ಹೊಸಬರಿಗೆ ವಿವರಿಸುವಾಗ ಅಪವಾದಗಳನ್ನೆಲ್ಲ ಮೊದಲೇ ಸುರಿಯುವುದು ನಮಗೆ ಸಮಾಧಾನ ಕೊಡುತ್ತದೆ, ಅಷ್ಟೇ. ಅವರಿಗೆ ಏನೂ ಉಳಿಯುವುದಿಲ್ಲ.

ಉಳಿದ ಹನ್ನೊಂದನ್ನು ಸುಮ್ನೆ ಬಿಡುವುದಾ ಅಂತ ಕೇಳುತ್ತೀರಿ. ಪೂರ್ತಿ ಬಿಡಬೇಕಾಗಿಲ್ಲ. ಹಾಳೆಯ ಕೆಳಗೆ, ಅವರು ಬರೆದ ವಿಷಯಕ್ಕೇ ಉತ್ತರವಾಗಿ ಎರಡು ಸಾಲು ಬರೆಯಿರಿ. “ಎರಡು ವರ್ಷದ ಹಿಂದೆ ಬೆಂಗಳೂರಿಗೆ ಬಂದಿರಾ? ನಿಮ್ಮ ಮನೆ ಹತ್ತಿರ ಇರುವ ಅಜ್ಜಿ ಯಾವ ಊರಿನವರು, ಏನೇನು ಮಾತಾಡುತ್ತಾರೆ?” ಸರಿಯಾದ ರೂಪಗಳು ಅದರಲ್ಲಿ ಸಹಜವಾಗಿ ಬಂದಿವೆ. ಇದರ ಮಿತಿ ಏನೆಂದರೆ, ಬಹಳ ಜನ ಅದನ್ನು ಗಮನಿಸುವುದೇ ಇಲ್ಲ. ಪ್ರಶ್ನೆಗೆ ಉತ್ತರ ಬರೆದು ಮುಗಿಸುತ್ತಾರೆ. ಹಾಗಾಗಿ ಮುಖ್ಯ ಪಾಠವನ್ನು ಈ ಉಪಾಯದ ಮೇಲೆ ಬಿಡಬೇಡಿ. ‘ಸಲ್ಪ’ ಥರದ ಕಾಗುಣಿತಕ್ಕಂತೂ ಈಗ ಕೈ ಹಾಕಲೇಬೇಡಿ. ಅವರು ಕಿವಿಗೆ ಬಿದ್ದ ಹಾಗೆ ಬರೆದಿದ್ದಾರೆ, ಬಸ್ಸಿನಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ. ಓದುವುದು ಹೆಚ್ಚಾದ ಹಾಗೆ ಅದು ತಾನೇ ಸರಿಹೋಗುತ್ತದೆ.

ಫಲ ಸಿಕ್ಕಿತಾ ಅಂತ ತಿಳಿಯುವುದು ಹೇಗೆ? ಮುಂದಿನ ವಾರದ ಹಾಳೆಯಲ್ಲಿ ಒಟ್ಟು ತಪ್ಪು ಎಣಿಸಬೇಡಿ. ‘ನನಗೆ’, ‘ಅವರಿಗೆ’ ಬರಬೇಕಾದ ಜಾಗ ಎಷ್ಟಿದ್ದವು, ಅದರಲ್ಲಿ ಎಷ್ಟು ಸರಿ ಬಂದವು, ಅಷ್ಟೇ ನೋಡಿ. ಹತ್ತರಲ್ಲಿ ಎಂಟು ಸರಿ ಬಂದರೆ ನಾನು ಮುಂದಿನ ಗಂಟಿಗೆ, ಅಂದರೆ ‘ಇಬ್ಬರು ಮಕ್ಕಳಿದ್ದಾರೆ’ಗೆ ಹೋಗುತ್ತೇನೆ. ನಡುವೆ ಒಂದು ವಿಚಿತ್ರ ಕಾಣಬಹುದು. ‘ನನಗೆ ದೋಸೆ ತಿಂದೆ’, ‘ನನಗೆ ದೋಸೆ ಇಷ್ಟಪಡುತ್ತೇನೆ’ ಅಂತ ಬರೆಯಬಹುದು, ಮೊದಲು ಸರಿಯಾಗಿ ಬರೆಯುತ್ತಿದ್ದ ಕಡೆಯೂ. ಹಿಂದಕ್ಕೆ ಹೋದರು ಅಂದುಕೊಳ್ಳಬೇಡಿ. ನಿಯಮ ತಲೆಗೆ ಹೋಗಿದೆ, ಅದರ ಗಡಿ ಇನ್ನೂ ಗೊತ್ತಾಗಿಲ್ಲ. ‘ಅವನು’ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿದರೆ ಸಾಕು.

ಇನ್ನು “ಎಲ್ಲಾ ತಿದ್ದಿಬಿಡಿ ಸರ್” ಎಂದು ಅವರೇ ಕೇಳಬಹುದು. ದೊಡ್ಡವರು ಹೆಚ್ಚಾಗಿ ಹಾಗೇ ಕೇಳುತ್ತಾರೆ. ಆಗ ಬೇರೊಂದು ಹಾಳೆಯಲ್ಲಿ ಪೂರ್ತಿ ಸರಿಯಾದ ಪ್ರತಿ ಬರೆದು ಕೊಡಬಹುದು, ಜೊತೆಗಿಟ್ಟು ಓದಲಿ. ಅದರಿಂದ ಅವರಿಗೆ ಸಮಾಧಾನ ಸಿಗುತ್ತದೆ. ಅಪಾಯ ಏನೆಂದರೆ, ಅದನ್ನು ಅಂದವಾಗಿ ನಕಲು ಮಾಡಿ ತಂದು ತೋರಿಸುತ್ತಾರೆ, ನೀವೂ ಕಲಿತರು ಅಂದುಕೊಳ್ಳುತ್ತೀರಿ. ಕೊಟ್ಟರೆ ತಿಂಗಳಿಗೊಮ್ಮೆ ಕೊಡಿ. ಬ್ಯಾಂಕಿಗೆ ಕೊಡುವ ಅರ್ಜಿ, ಮಗನ ಶಾಲೆಗೆ ಬರೆದ ಪತ್ರ, ಇಂಥದ್ದು ತಂದರೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಒಂದನ್ನೂ ಬಿಡದೆ ನೀವೇ ತಿದ್ದಿ ಕೊಡಿ, ಪಾಠ ಮಾಡಲು ಹೋಗಬೇಡಿ. ಅವರಿಗೆ ಆಗ ಬೇಕಿರುವುದು ಕೆಲಸ ಆಗುವುದು.

ಎರಡನೆಯವರ ಹಾಳೆಗೆ ಬರೋಣ. ಇಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ತಪ್ಪು ಕಡಿಮೆ, ಗುರುತು ಜಾಸ್ತಿ.

> ನಮ್ಮ ಬಡಾವಣೆಯ ಕೆರೆಯು ಒಂದು ಸುಂದರವಾದ ಪರಿಸರವನ್ನು ಹೊಂದಿದೆ. ಇದು ಹಲವಾರು ಪಕ್ಷಿಗಳಿಂದ ಭೇಟಿ ನೀಡಲ್ಪಡುತ್ತದೆ. ಕಳೆದ ವರ್ಷ ಮಳೆಯ ಕೊರತೆಯಿಂದಾಗಿ ನೀರಿನ ಮಟ್ಟದಲ್ಲಿ ಇಳಿಕೆಯಾಗಿರುವುದನ್ನು ಗಮನಿಸಲಾಯಿತು. ಪಾಲಿಕೆಯವರು ಹೂಳೆತ್ತಿ ನಾವು ಗಿಡಗಳನ್ನು ನೆಟ್ಟೆವು. ದಂಡೆಯನ್ನು ಸ್ವಚ್ಛಗೊಳಿಸಲಾಗಿದೆ.

ತಪ್ಪಿಲ್ಲ ಅಂದಿರಿ. ಒಂದಿದೆ. ‘ಪಾಲಿಕೆಯವರು ಹೂಳೆತ್ತಿ ನಾವು ಗಿಡ ನೆಟ್ಟೆವು.’ ‘ಎತ್ತಿ’, ‘ಹೋಗಿ’, ‘ಮಾಡಿ’ ಇಂಥವು ಬಂದಾಗ ಮುಂದಿನ ಕೆಲಸವನ್ನೂ ಅದೇ ಜನ ಮಾಡಬೇಕು. ಅವರು ಎತ್ತಿ ನಾವು ನೆಡುವ ಹಾಗಿಲ್ಲ, ‘ಎತ್ತಿದ ಮೇಲೆ’ ಅನ್ನಬೇಕು. ಅವರು ಇದನ್ನು ಕೈತಪ್ಪಿ ಬರೆದರೋ, ಗೊತ್ತಿಲ್ಲದೆಯೋ? ಗೆರೆ ಮಾತ್ರ ಎಳೆದು ಕೊಡಿ. ಮಾತಿನಲ್ಲಿ ಅವರು ಯಾವತ್ತೂ ಹೀಗೆ ಅಂದಿರಲಾರರು, ಜೋರಾಗಿ ಓದಿದರೆ ತಾವೇ ಹಿಡಿಯುತ್ತಾರೆ. ಒಂದು ವೇಳೆ ಅವರು “‘ಮಳೆ ಬಂದು ಬೆಳೆ ಹಾಳಾಯಿತು’ ಅಂತ ಬರೆಯಲ್ವಾ?” ಎಂದು ಎದುರು ಹೇಳಿದರೆ, ಅದು ಒಳ್ಳೆಯ ಪ್ರಶ್ನೆ. ಅಲ್ಲಿ ಮೊದಲನೆಯದು ಎರಡನೆಯದಕ್ಕೆ ಕಾರಣ, ಅದಕ್ಕೇ ನಡೆಯುತ್ತದೆ. ಹೊಸಬರಿಗೆ ಮುಚ್ಚಿಟ್ಟ ಅಪವಾದವನ್ನು ಇವರಿಗೆ ಬಿಚ್ಚಿ ಹೇಳಬಹುದು, ಹೇಳಲೇಬೇಕು.

ಸುತ್ತೋಲೆಯ ವಾಸನೆ ಬರುತ್ತಿರುವುದು ಬೇರೆ ಕಡೆಯಿಂದ. ‘ನೀಡಲ್ಪಡುತ್ತದೆ’, ‘ಗಮನಿಸಲಾಯಿತು’, ‘ಸ್ವಚ್ಛಗೊಳಿಸಲಾಗಿದೆ.’ ಐದು ವಾಕ್ಯದಲ್ಲಿ ಮೂರು ಕಡೆ ಕರ್ಮಣಿ. ಇವರು ಹತ್ತನೇ ಕ್ಲಾಸಿನವರೆಗೆ ಕನ್ನಡ ಓದಿದ್ದರೆ ಕರ್ಮಣಿ ಪ್ರಯೋಗ ಅನ್ನುವ ಹೆಸರು ಗೊತ್ತಿರುತ್ತದೆ, ಹೆಸರಿಟ್ಟೇ ಹೇಳಿ. ಆದರೆ “ಕರ್ಮಣಿ ತಪ್ಪು” ಅನ್ನಬೇಡಿ, ಅದು ತಪ್ಪಲ್ಲ. ಮಾಡಿದವರು ಯಾರೆಂದು ಗೊತ್ತಿಲ್ಲದಾಗ, ಹೇಳಬೇಕಾಗಿಲ್ಲದಾಗ ಅದು ಬೇಕು. ಇಲ್ಲಿ ಮಾಡಿದವರು ಯಾರೆಂದು ಬರೆದವರಿಗೆ ಗೊತ್ತು, ಓದುವವರಿಗೂ ತಿಳಿಯುವ ಆಸೆ ಇದೆ. ಹಾಗಾಗಿ ಅಂಚಿನಲ್ಲಿ ಪ್ರಶ್ನೆ ಬರೆಯಿರಿ. ‘ಗಮನಿಸಲಾಯಿತು’ ಪಕ್ಕದಲ್ಲಿ: ಯಾರು ನೋಡಿದ್ದು, ನೀವೇನಾ? ‘ಭೇಟಿ ನೀಡಲ್ಪಡುತ್ತದೆ’ ಪಕ್ಕದಲ್ಲಿ: ಹಕ್ಕಿಗಳು ಬಂದು ಏನು ಮಾಡುತ್ತವೆ, ಯಾವ ಹಕ್ಕಿ? ಎರಡನೇ ಪ್ರಶ್ನೆಗೆ ಉತ್ತರ ಬರೆಯಲು ಹೊರಟರೆ ಮಿಂಚುಳ್ಳಿಯೋ ಕೊಕ್ಕರೆಯೋ ಬರಲೇಬೇಕು, ಅದು ಬಂದ ಮೇಲೆ ‘ನೀಡಲ್ಪಡುತ್ತದೆ’ಗೆ ಜಾಗವೇ ಇರುವುದಿಲ್ಲ.

ಮೂರನ್ನೂ ಒಂದೇ ಥರ ಗುರುತು ಮಾಡಬೇಡಿ. ಮೊದಲನೆಯದಕ್ಕೆ ಪ್ರಶ್ನೆ ಬರೆದು ಪೂರ್ತಿ ವಿವರಿಸಿ. ಎರಡನೆಯದಕ್ಕೆ ಪ್ರಶ್ನೆ ಮಾತ್ರ. ಮೂರನೆಯದಕ್ಕೆ ಏನೂ ಬೇಡ, ಹಾಳೆಯ ಕೊನೆಗೆ “ಇಂಥದ್ದು ಇನ್ನೊಂದಿದೆ, ಹುಡುಕಿ” ಅಂತ ಬರೆಯಿರಿ. ಹೊಸಬರಿಗೆ ಎಲ್ಲ ಜಾಗವನ್ನೂ ತೋರಿಸಿ ಅಂದೆ, ಇವರಿಗೆ ಹುಡುಕಿಸಿ ಅನ್ನುತ್ತಿದ್ದೇನೆ. ಅಚ್ಚಿಗೆ ಹೋಗುವ ಮುಂದಿನ ಲೇಖನವನ್ನು ನಿಮ್ಮ ಸಹಾಯವಿಲ್ಲದೆ ತಿದ್ದಬೇಕಾದವರು ಇವರು.

ಗುರುತು ಹಾಕುವಾಗ ನಿಮ್ಮ ಮನಸ್ಸಿನಲ್ಲಿ ಮೂರು ಗೂಡುಗಳಿರಲಿ. ಭಾಷೆಗೆ ಒಗ್ಗದ್ದು ಒಂದು, ‘ಎತ್ತಿ ನಾವು’ ಥರದ್ದು. ಓದುವವರಿಗೆ ತೊಡಕಾಗುವುದು ಇನ್ನೊಂದು, ಆ ಕರ್ಮಣಿಗಳ ಹಾಗೆ. ನಿಮಗೆ ಇಷ್ಟವಿಲ್ಲದ್ದು ಮೂರನೆಯದು. ‘ಕಳೆದ ವರ್ಷ’ವನ್ನು ‘ಹೋದ ವರ್ಷ’ ಮಾಡಬೇಕು ಅಂತ ಕೈ ತುರಿಸುತ್ತದೆ, ನನಗೂ ತುರಿಸುತ್ತದೆ. ‘ಹಲವಾರು’ ಸರಿಯಾ ‘ಹಲವು’ ಸರಿಯಾ ಅಂತ ಗಂಟೆಗಟ್ಟಲೆ ವಾದ ಮಾಡುವವರಿದ್ದಾರೆ. ಇಂಥವನ್ನು ಮುಟ್ಟಬೇಡಿ, ಮುಟ್ಟಿದರೂ ಪೆನ್ಸಿಲಿನಲ್ಲಿ, ‘ನನ್ನ ರುಚಿ ಇದು’ ಅಂತ ಬರೆದು. ನಿಮ್ಮ ತರಗತಿಗೆ ನಾಳೆ ಧಾರವಾಡದವರೊಬ್ಬರು ಬಂದು ‘ನಾಷ್ಟಾ ಮಾಡಿ ಹೊರಟೆವು’ ಅಂತ ಬರೆದರೆ ಅದನ್ನು ‘ತಿಂಡಿ’ ಮಾಡುವ ಹಕ್ಕು ನಮಗಿಲ್ಲ. ನಾನು ನೋಡಿರುವ ಪಳಗಿದ ಬರಹಗಾರರು ಜಾಸ್ತಿ ಸಿಟ್ಟಾಗುವುದು ತಪ್ಪು ತೋರಿಸಿದ್ದಕ್ಕಲ್ಲ, ಈ ಮೂರನೇ ಗೂಡಿನದ್ದನ್ನು ಮೊದಲನೇ ಗೂಡಿನ ಗತ್ತಿನಲ್ಲಿ ಹೇಳಿದ್ದಕ್ಕೆ.

ನೀವೇ ಪೂರ್ತಿ ಬರೆದು ಕೊಡುವ ದಾರಿಯೂ ಇದೆ. ಉದಾಹರಣೆಗೆ: ‘ನಮ್ಮ ಬಡಾವಣೆಯ ಕೆರೆಗೆ ಬಗೆಬಗೆಯ ಹಕ್ಕಿಗಳು ಬರುತ್ತವೆ. ಹೋದ ವರ್ಷ ಮಳೆ ಸರಿಯಾಗಿ ಆಗಲಿಲ್ಲ, ನೀರು ಇಳಿದಿತ್ತು. ಪಾಲಿಕೆಯವರು ಹೂಳೆತ್ತಿದ ಮೇಲೆ ನಾವು ದಂಡೆ ಚೊಕ್ಕ ಮಾಡಿ ಗಿಡ ನೆಟ್ಟೆವು.’ ಓದಲು ಹಗುರವಾಗಿದೆ, ನಿಜ. ಆದರೆ ನೋಡಿ, ‘ಕಳೆದ’ ಹೋಗಿ ‘ಹೋದ’ ಬಂದೇಬಿಟ್ಟಿತು. ದಂಡೆಯನ್ನು ಚೊಕ್ಕ ಮಾಡಿದವರು ‘ನಾವು’ ಅಂತ ನಾನೇ ಊಹಿಸಿದೆ. ಪಾಲಿಕೆಯವರು ಮಾಡಿರಲೂಬಹುದು. ಬೇರೆಯವರ ವಾಕ್ಯವನ್ನು ನಾವು ಬರೆದಾಗ ರುಚಿಯ ಜೊತೆ ಸಂಗತಿಯೂ ಬದಲಾಗುತ್ತದೆ. ಹಾಗೆ ಬರೆದು ಕೊಟ್ಟರೆ ಒಂದೇ ಪ್ಯಾರಾ ಕೊಡಿ, ಮಾದರಿಗೆ ಅಂತ. ಉಳಿದದ್ದನ್ನು ಅವರೇ ಬರೆಯಲಿ.

ಸ್ಮರಣ ಸಂಚಿಕೆಗೆ ಕೊನೆಯ ದಿನ ಹತ್ತಿರ ಬಂದಿರಬಹುದು, ಅದಕ್ಕೊಂದು ಮಾತು. ಹೊತ್ತಿದ್ದರೆ ಲೇಖನವನ್ನು ಎರಡು ಸುತ್ತಿನಲ್ಲಿ ನೋಡಿ. ಮೊದಲ ಸುತ್ತಿನಲ್ಲಿ ಕರ್ಮಣಿ ಮತ್ತು ಮೊದಲ ವಾಕ್ಯದಲ್ಲಿರುವ, ಅದೇ ಸುತ್ತೋಲೆಯ ವಾಸನೆಯ ‘ಹೊಂದಿದೆ’ ಮಾತ್ರ. ಎರಡನೇ ಸುತ್ತಿನಲ್ಲಿ ಕಾಗುಣಿತ, ಚುಕ್ಕೆ, ಅಲ್ಪಪ್ರಾಣ-ಮಹಾಪ್ರಾಣ. ಮೊದಲೇ ಕಾಗುಣಿತ ತಿದ್ದಿದರೆ, ಆಮೇಲೆ ಹಾರಿಹೋಗುವ ವಾಕ್ಯಗಳಿಗೆ ಸುಮ್ನೆ ಶ್ರಮ. ಹೊತ್ತಿಲ್ಲ, ನಾಡಿದ್ದೇ ಅಚ್ಚಿಗೆ ಹೋಗುತ್ತದೆ ಅಂತಾದರೆ ನೀವು ಕಲಿಸುವವರಾಗಿ ಅಲ್ಲ, ಸಂಪಾದಕರಾಗಿ ಕೂತು ತಿದ್ದಿ, ಬದಲಾದ ಪ್ರತಿಯನ್ನು ಅವರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ. ದಂಡೆ ಚೊಕ್ಕ ಮಾಡಿದವರು ಯಾರು ಅಂತಲೂ ಆಗಲೇ ಕೇಳಿಬಿಡಿ.